ಕಾಲು ಒರೆಸಿಕೊಂಡ ಇಲಿ

ಕೆಲವರ ಮನೆಯಲ್ಲಿ ಅಜ್ಜನ ಕಾಲದ ಗಡಿಯಾರವನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ನಮ್ಮ ಮನೆಯಲ್ಲಿ ಹಾಗೆ ಇಟ್ಟುಕೊಂಡಿರುವುದು ಒಂದು ಜಗಳ. ನಾನು ಹುಟ್ಟುವುದಕ್ಕೂ ಮೊದಲಿನದು. ಅಪ್ಪ ಅಮ್ಮ ಇಬ್ಬರೂ ಅದಕ್ಕೆ ಆಗಾಗ ಎಣ್ಣೆ ಬಿಟ್ಟು, ಕೀ ಕೊಟ್ಟು ಇಟ್ಟಿದ್ದರಿಂದ ಇಷ್ಟು ವರ್ಷವಾದರೂ ಕೆಡದೆ ನಡೆಯುತ್ತಿತ್ತು.

ಜಗಳ ಇಷ್ಟೇ. ಅಪ್ಪ ಮದುವೆಯಾದ ಹೊಸದರಲ್ಲಿ ಒಂದು ಸಣ್ಣ ಕಂಪನಿಯಲ್ಲಿ ವಿಡಿಯೋ ಗೇಮ್ ಬರೆಯುತ್ತಿದ್ದರು. ಟೀವಿಗೆ ಜೋಡಿಸುವ ಪೆಟ್ಟಿಗೆ, ಅದರ ನೆತ್ತಿಗೆ ಚುಚ್ಚುವ ಕಾರ್ಟ್ರಿಡ್ಜ್, ಕೈಯಲ್ಲಿ ಗುಂಡಿಗಳಿರುವ ಒಂದು ಹಿಡಿ, ಆ ಕಾಲದ ಆಟ. ಅಪ್ಪ ಬರೆದದ್ದರಲ್ಲಿ ಅಂಗಡಿಗೆ ಹೋದದ್ದು ಒಂದೇ, ಇಲಿ ಆಟ. ಒಂದು ಇಲಿ ಕೈಯಲ್ಲಿ ಪುಟ್ಟ ಲಾಟೀನು ಹಿಡಿದು, ಊರಿನ ಮಾಳಿಗೆಗಳ ಮೇಲೆ ಹಾರುತ್ತಾ, ಕೊಳಾಯಿ ಪೈಪು ಇಳಿಯುತ್ತಾ, ಬೆಕ್ಕುಗಳಿಂದ ತಪ್ಪಿಸಿಕೊಂಡು ಮನೆ ಸೇರಬೇಕು. ಕೊನೆಗೆ ಒಂದು ಬಾಗಿಲು ಬರುತ್ತದೆ, 'ಶಭಾಷ್' ಎನ್ನುತ್ತದೆ, ಆಟ ಮುಗಿಯುತ್ತದೆ. ಆದರೆ ಆ ಬಾಗಿಲು ನಿಜವಾಗಿ ತೆರೆಯುತ್ತದೆ, ಅದರ ಹಿಂದೆ ಒಂದು ಕೋಣೆ ಇದೆ, ಆ ಕೋಣೆಯಲ್ಲಿ ಅಮ್ಮನನ್ನು ಚಿತ್ರ ಮಾಡಿ ಕೂರಿಸಿದ್ದೇನೆ ಎಂದು ಅಪ್ಪ ಹೇಳುತ್ತಾರೆ.

"ತೋರಿಸಿ" ಎನ್ನುತ್ತಾಳೆ ಅಮ್ಮ.

ಅಪ್ಪ ತೋರಿಸುವ ಹಾಗಿರಲಿಲ್ಲ. ಕಂಪನಿ ಒಂದು ದಿನ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ಕಂಪ್ಯೂಟರುಗಳು ಯಾರ ಪಾಲಾದವೋ, ಆಟ ಬರೆದ ಫೈಲುಗಳು ಎಲ್ಲಿ ಹೋದವೋ ದೇವರಿಗೇ ಗೊತ್ತು. ಅಪ್ಪನ ಕೈಯಲ್ಲಿ ಒಂದು ಕಾರ್ಟ್ರಿಡ್ಜೂ ಉಳಿಯಲಿಲ್ಲ, ಅಂಗಡಿಗಳಲ್ಲೂ ಸಿಗದಾಯಿತು. ಆಟ ಮಾರುವ ಡಬ್ಬಿಯ ಮೇಲೆ ಅಪ್ಪನ ಹೆಸರಿರಲಿಲ್ಲ, ಆಟದೊಳಗೂ ಇರಲಿಲ್ಲ. ಕೆಲಸಗಾರರ ಹೆಸರು ಹಾಕಿದರೆ ಬೇರೆ ಕಂಪನಿಯವರು ಎಗರಿಸಿಕೊಂಡು ಹೋಗುತ್ತಾರೆ ಅಂತ ಮಾಲೀಕರಿಗೆ ಭಯ. ಆಮೇಲೆ ಅಪ್ಪ ಒಂದು ಗೋಡೌನಿನಲ್ಲಿ ದಾಸ್ತಾನಿನ ಲೆಕ್ಕ ಇಡುವ ಕೆಲಸಕ್ಕೆ ಸೇರಿ ಅಲ್ಲೇ ನಿವೃತ್ತರಾದರು.

ಅಮ್ಮ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಗಳ ಸಮವಸ್ತ್ರ ಹೊಲಿಯುತ್ತಾಳೆ. ಬಂದ ಗಿರಾಕಿಗಳ ಎದುರಿಗೂ ಅವಳು ಈ ವಿಷಯದಲ್ಲಿ ಅಪ್ಪನನ್ನು ಬಿಟ್ಟವಳಲ್ಲ. "ನಮ್ಮನೆಯವರು ನನ್ನನ್ನ ಎಲ್ಲೋ ಒಂದು ಕೋಣೇಲಿ ಕೂಡಿಹಾಕಿದ್ದಾರಂತೆ, ಬೀಗದ ಕೈ ಮಾತ್ರ ಕಳೆದುಹೋಗಿದೆಯಂತೆ" ಎಂದು ಪಟ್ಟಿ ಹಿಡಿದು ಅಳತೆ ತೆಗೆಯುತ್ತಲೇ ಹೇಳುತ್ತಿದ್ದಳು. ಅಪ್ಪ ಪೇಪರ್ ಹಿಂದಿನಿಂದ "ಇದೆ ಕಣೇ, ಇದ್ದೇ ಇದೆ" ಎನ್ನುತ್ತಿದ್ದರು.

ಇವರಿಬ್ಬರ ನಡುವೆ ಹುಟ್ಟಿದ ನಾನು ಲಾಯರ್ ಆಗದೆ ಇನ್ನೇನಾಗಲಿ? ಅದರಲ್ಲೂ ನನ್ನ ಕೆಲಸ ಎಂಥದು ಕೇಳಿ. ನಮ್ಮ ಆಫೀಸು ಹಾಡು, ಸಿನಿಮಾ, ಗೇಮುಗಳ ಹಕ್ಕುದಾರರ ಪರವಾಗಿ, ಅವನ್ನು ಪುಕ್ಕಟೆಯಾಗಿ ಹಂಚುವ ಸೈಟುಗಳಿಗೆ ನೋಟಿಸು ಕಳಿಸುತ್ತದೆ. ನೋಟಿಸು ಬರೆಯುವ ಕೈ ನನ್ನದು. ಅಪ್ಪ ನನ್ನನ್ನು 'ಲಾಯರಮ್ಮ' ಎನ್ನುತ್ತಾರೆ. ಮುನಿಸು ಬಂದಾಗ ಅದೇ ಪದವನ್ನು ಸ್ವಲ್ಪ ಎಳೆದು ಹೇಳುತ್ತಾರೆ.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ಹೊರಗಿನಿಂದ ಬಂದವರು ಚಪ್ಪಲಿ ಕೂಡ ಬಿಡದೆ ಹೊಸ ಫೋನನ್ನು ನನ್ನ ಮುಖಕ್ಕೆ ಹಿಡಿದರು. ಪರದೆಯ ಮೇಲೆ ಒಂದು ಬೂದು ಇಲಿ ಲಾಟೀನು ಹಿಡಿದು ನಿಂತಿತ್ತು.

"ಸಿಕ್ತು ನೋಡು!"

"ಮೊದಲು ಕಾಲು ಒರೆಸ್ಕೊಳ್ಳಿ" ಎಂದು ಅಮ್ಮ ಯಂತ್ರದ ಮುಂದಿನಿಂದ ಕೂಗಿದಳು. ಇದು ಅವಳು ದಿನಕ್ಕೆ ಹಲವಾರು ಸಲ ಹೇಳುವ ಮಾತು. ಬಿಳಿ ಬಟ್ಟೆ ನೆಲದ ಮೇಲೆ ಹರಡಿರುವ ಮನೆಯಲ್ಲಿ ಧೂಳಿನ ಕಾಲಿಗೆ ಕ್ಷಮೆ ಇಲ್ಲ.

ಮೂಲೆಯ ಮೊಬೈಲ್ ರಿಪೇರಿ ಅಂಗಡಿಯವನ ಕೆಲಸ ಅದು. ಅವನನ್ನು ಬೀದಿಯವರೆಲ್ಲ ಮೊಬೈಲ್ ಡಾಕ್ಟರ್ ಎನ್ನುತ್ತಾರೆ. ಒಡೆದ ಪರದೆ ಬದಲಿಸುವಾಗ ನಿಜವಾಗಿಯೂ ರೋಗಿಯ ಮುಂದೆ ನಿಂತ ಹಾಗೆ ಮುಖ ಮಾಡುತ್ತಾನೆ. ಅವನು ಅಪ್ಪನ ಫೋನಿಗೆ ಒಂದು ಎಮ್ಯುಲೇಟರ್ ಹಾಕಿಕೊಟ್ಟಿದ್ದ. ಅಂದರೆ ಫೋನು ತಾನೇ ಆ ಹಳೇ ಪೆಟ್ಟಿಗೆ ಎಂದು ನಟಿಸುವಂತೆ ಮಾಡುವ ಆ್ಯಪು. ಆಟದ ಫೈಲನ್ನು ಮಾತ್ರ ಎಲ್ಲಿಂದಲೋ ಡೌನ್‌ಲೋಡ್ ಮಾಡಿದ್ದ. ಎಲ್ಲಿಂದ ಅಂತ ನೋಡಿದರೆ, ನಾನು ಅದೇ ವಾರ ನೋಟಿಸು ಕಳಿಸಬೇಕಿದ್ದ ಸೈಟಿನಿಂದ! ಮುಚ್ಚಿಹೋದ ಕಂಪನಿಯ ಹಕ್ಕುಗಳನ್ನು ಯಾವತ್ತೋ ಕೊಂಡಿದ್ದ ದೊಡ್ಡ ಸಂಸ್ಥೆಯೊಂದು ನಮ್ಮ ಕಕ್ಷಿದಾರ. ತೆಗೆಸಬೇಕಾದ ಫೈಲುಗಳ ಸಾಲಿನಲ್ಲಿ ಇಲಿಯೂ ಇತ್ತು.

"ಅಪ್ಪಾ, ಇದನ್ನ ಅಳಿಸಿ."

"ಯಾಕೆ? ಎಮ್ಯುಲೇಟರ್ ತಪ್ಪಾ?"

"ಎಮ್ಯುಲೇಟರ್ ತಪ್ಪಲ್ಲ. ಅದು ಯಂತ್ರದ ನಕಲು, ಯಾರೋ ಕೂತು ಹೊಸದಾಗಿ ಬರೆದಿದ್ದು. ತಪ್ಪಿರೋದು ಆಟದ ಫೈಲಲ್ಲಿ. ಹಕ್ಕು ಇರೋರು ಒಪ್ಪಿಗೆ ಕೊಡದೆ ಯಾರೋ ಹಂಚ್ತಾ ಇದ್ದಾರೆ, ನೀವು ಇಳಿಸ್ಕೊಂಡಿದ್ದೀರ."

"ಬರೆದೋನು ನಾನು!"

"ಸಂಬಳ ತಗೊಂಡು ಬರೆದಿದ್ದು. ಹಕ್ಕು ಕಂಪನಿದು."

"ಕಂಪನಿ ಸತ್ತು ಎಷ್ಟೋ ಕಾಲ ಆಯ್ತಲ್ಲೇ."

"ಕಂಪನಿ ಸತ್ರೆ ಹಕ್ಕು ಸಾಯಲ್ಲಪ್ಪ. ಮಾರಾಟ ಆಗುತ್ತೆ. ಆಗಿದೆ. ತಗೊಂಡೋರ ವಕಾಲತ್ತು ನಮ್ಮ ಆಫೀಸಲ್ಲೇ ಇದೆ."

"ಡೌನ್‌ಲೋಡ್ ಮಾಡಿ ಒಂದು ದಿನದೊಳಗೆ ಅಳಿಸಿದ್ರೆ ಪರವಾಗಿಲ್ವಂತೆ. ಡಾಕ್ಟರ್ ಹೇಳ್ದ."

"ಅವನು ಮೊಬೈಲಿಗೆ ಡಾಕ್ಟರು, ಕಾಯ್ದೆಗಲ್ಲ. ಅಂಥ ನಿಯಮ ಎಲ್ಲೂ ಇಲ್ಲ."

ಅಪ್ಪ ನನ್ನನ್ನು ಒಂದು ಗಳಿಗೆ ದಿಟ್ಟಿಸಿದರು. "ಅಂದ್ರೆ ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಈ ಆಟ ಗೊತ್ತಿರೋನು ನಾನು, ನಾನೇ ಆಡೋ ಹಾಗಿಲ್ಲ. ಅಷ್ಟೇನಾ, ಲಾಯರಮ್ಮಾ?"

ಅಷ್ಟೇ. ಹೇಳುವುದಕ್ಕೆ ನನಗೂ ನಾಚಿಕೆಯಾಯಿತು, ಆದರೆ ಅಷ್ಟೇ.

ಆಗ ಯಂತ್ರದ ಸದ್ದು ನಿಂತಿತು. ಅಮ್ಮ ಸೂಜಿಯಿಂದ ಬಟ್ಟೆ ಬಿಡಿಸಿ, ಕನ್ನಡಕ ಸರಿಮಾಡಿಕೊಂಡು ಎದ್ದು ಬಂದಳು. ಹಗಲು ಹೊತ್ತಿನಲ್ಲಿ ಅರ್ಧ ತೋಳು ಹೊಲಿದು ಎದ್ದು ಬರುವ ಹೆಂಗಸಲ್ಲ ಅವಳು. "ಅಳಿಸೋದು ಇದ್ದೇ ಇದೆ. ಮೊದಲು ತೋರಿಸಲಿ" ಎಂದು ಅಪ್ಪನ ಪಕ್ಕ ಕೂತಳು.

ನಾನು ಬಾಲ್ಕನಿಗೆ ಹೋಗಿ ಒಣಗಿದ ಬಟ್ಟೆ ತೆಗೆಯತೊಡಗಿದೆ. ನಾನು ಏನನ್ನೂ ನೋಡಿಲ್ಲ ಎಂದು ಮುಂದೊಂದು ದಿನ ಹೇಳಬೇಕಾಗಿ ಬಂದರೆ, ನೋಡದಿರುವುದೇ ಒಳ್ಳೆಯದಲ್ಲವೇ? ಆದರೆ ಕಿಟಕಿ ತೆರೆದಿತ್ತು, ಕಣ್ಣು ನನ್ನ ಮಾತು ಕೇಳಲಿಲ್ಲ.

ಆಟ ಶುರುವಾಗುವ ಮೊದಲು ಕಪ್ಪು ಪರದೆಯ ಮೇಲೆ ಬಣ್ಣಬಣ್ಣದ ಅಕ್ಷರಗಳು ಕುಣಿಯುತ್ತಾ ಹೋದವು. ಯಾರ್ಯಾರದೋ ಅಡ್ಡಹೆಸರುಗಳು, ಸ್ನೇಹಿತರಿಗೆ ನಮಸ್ಕಾರಗಳು. "ಇದು ನಾನು ಬರೆದಿದ್ದಲ್ಲ" ಎಂದರು ಅಪ್ಪ, ಹುಬ್ಬು ಗಂಟಿಕ್ಕಿ. ಆಮೇಲೆ ಇಲಿ ಓಡತೊಡಗಿತು. ಗಾಜಿನ ಮೇಲೆ ಬರೆದ ಗುಂಡಿಗಳು ಅಪ್ಪನ ದಪ್ಪ ಬೆರಳಿಗೆ ಸಿಗುತ್ತಿರಲಿಲ್ಲ. ಹತ್ತಿರದಲ್ಲಿದ್ದ ಬೆಕ್ಕೊಂದು ಇಲಿಯನ್ನು ಎಷ್ಟು ಸಲ ತಿಂದಿತೋ. ಅಮ್ಮ "ಹಾರ್ರೀ! ಅಯ್ಯೋ, ಹಾರ್ರೀ ಅಂದ್ರೆ!" ಎಂದು ತಾನೇ ಮಾಳಿಗೆಯ ಅಂಚಿನಲ್ಲಿ ನಿಂತಿರುವಂತೆ ಒದ್ದಾಡುತ್ತಿದ್ದಳು. ಅಂತೂ ಮಧ್ಯಾಹ್ನದ ಹೊತ್ತಿಗೆ ಕೊನೆಯ ಬಾಗಿಲು ಬಂತು. 'ಶಭಾಷ್' ಎಂದಿತು.

"ಈಗ ನೋಡು" ಎಂದರು ಅಪ್ಪ. ಬಾಗಿಲ ಮುಂದೆ ಒಂದು ಚಾಪೆ. ಇಲಿ ಅದರ ಮೇಲೆ ನಿಂತಿತು. ಅಪ್ಪ ಕೆಳಗಿನ ಗುಂಡಿಯನ್ನು ಮೂರು ಸಲ ಒತ್ತಿದರು. ಇಲಿ ಮೂರು ಸಲ ಕುಕ್ಕರಿಸಿ ಎದ್ದಿತು. "ಕಾಲು ಒರೆಸ್ಕೊಳ್ತಾ ಇದೆ" ಎಂದರು, ಕಳ್ಳನಗೆ ನಗುತ್ತಾ. ಅಮ್ಮ ಅವರ ಮುಖ ನೋಡಿದಳು. ಮೇಲಿನ ಗುಂಡಿ ಒತ್ತಿದರು. ಬಾಗಿಲು ತೆರೆಯಿತು.

ಒಳಗೆ ಏನಿತ್ತು ಅಂತೀರಿ? ಕಸ. ಹಸಿರು ಚೌಕ, ಅರ್ಧ ಅಕ್ಷರ, ಕತ್ತರಿಸಿದ ಬೆಕ್ಕಿನ ಬಾಲ, ಎಲ್ಲ ಕಲಸಿ ಪರದೆಗೆ ಎರಚಿದ ಹಾಗೆ. ಒಂದು ಕೀರಲು ಸದ್ದು ಬಂದು ಆಟ ಕಲ್ಲಾಗಿ ನಿಂತಿತು.

ಅಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಇದಾ ನಾನು? ಪರವಾಗಿಲ್ಲ, ಹೋಲಿಕೆ ಇದೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ಬಾಲ್ಕನಿಯಲ್ಲಿ ಟವೆಲ್ ಬಾಯಿಗಿಟ್ಟುಕೊಂಡು ನಕ್ಕೆ.

ಅಪ್ಪ ನಗಲಿಲ್ಲ. ಅವರು ಆ ಕಸವನ್ನು ಓದುತ್ತಿದ್ದರು. ಆಮೇಲೆ ನಿಧಾನವಾಗಿ ಹೇಳಿದರು. ಕೋಣೆ ಕಂಪನಿಯವರ ಕಣ್ಣಿಗೆ ಬೀಳಬಾರದು ಅಂತ ಅದನ್ನು ಆಟದ ಕಟ್ಟಕಡೆಯ ತುದಿಯಲ್ಲಿ ಇಟ್ಟಿದ್ದರಂತೆ, ಬೇರೆ ಕೋಣೆಗಳ ಜೊತೆ ಅದನ್ನು ಎಲ್ಲೂ ಸೇರಿಸದೆ. ಬಾಗಿಲಿಗೆ ಮಾತ್ರ ಅದರ ದಾರಿ ಗೊತ್ತು. ಆಟವನ್ನು ಕದ್ದವರು ತಮ್ಮ ಹೆಸರು ಕುಣಿಸುವುದಕ್ಕೆ ಜಾಗ ಹುಡುಕಿದ್ದಾರೆ. ಇದು ಯಾರಿಗೂ ಬೇಡದ ಜಾಗ ಅಂದುಕೊಂಡು ಅಲ್ಲೇ ಬರೆದಿದ್ದಾರೆ, ಅಮ್ಮನ ಮೇಲೆ.

"ನನ್ನ ಹೆಸರು ಹಾಕೋಕೆ ಬಿಡಲಿಲ್ಲ ಅವರು. ಇವರು ನೋಡು, ಊರೆಲ್ಲಾ ಹೆಸರು ಹಾಕ್ಕೊಂಡಿದ್ದಾರೆ" ಎಂದು ಫೈಲನ್ನು ತಾವೇ ಅಳಿಸಿದರು. "ಸರಿ ಹೋಯ್ತಾ ಲಾಯರಮ್ಮಾ?" ಎಂದರು. ಎಳೆದು ಹೇಳಲಿಲ್ಲ. ಎಳೆದಿದ್ದರೆ ಚೆನ್ನಾಗಿತ್ತು.

ಆವತ್ತಿನಿಂದ ನಮ್ಮ ಮನೆಯ ಜಗಳ ನಿಂತುಹೋಯಿತು. ಅಮ್ಮ ಗಿರಾಕಿಗಳ ಮುಂದೆ ಕೋಣೆಯ ಮಾತು ತೆಗೆದರೆ ಪೇಪರ್ ಹಿಂದಿನಿಂದ ಉತ್ತರವೇ ಇಲ್ಲ. ಒಂದು ಸಲ "ಇರಲಿ ಬಿಡೇ, ಇರಲಿಲ್ಲ ಅಂತಾನೇ ಇಟ್ಕೋ" ಎಂದುಬಿಟ್ಟರು. ಅಮ್ಮನ ಕೈಯಲ್ಲಿದ್ದ ಅಳತೆ ಪಟ್ಟಿ ಅಲ್ಲೇ ನಿಂತಿತು. ಗೆದ್ದವಳ ಮುಖ ಹಾಗಿರುವುದಿಲ್ಲ.

ನಾನು ಆಫೀಸಿನಲ್ಲಿ ಉಳಿದ ಸೈಟುಗಳನ್ನೂ ಜಾಲಾಡಿದೆ. ಕೆಲಸದ ನೆಪ ಇತ್ತು ನೋಡಿ. ಪ್ರತಿ ಫೈಲಿಗೂ ಅದರ ಒಳಗಿರುವುದನ್ನೆಲ್ಲ ಕೂಡಿಸಿ ತೆಗೆದ ಒಂದು ಸಂಖ್ಯೆ ಇರುತ್ತದೆ, ಬೆರಳಚ್ಚಿನ ಹಾಗೆ. ಎಲ್ಲ ಕಡೆಯೂ ಅದೇ ಬೆರಳಚ್ಚು. ಲೋಕದಲ್ಲಿ ಓಡಾಡುತ್ತಿದ್ದದ್ದೆಲ್ಲ ಆ ಒಂದೇ ಕದ್ದ ಪ್ರತಿಯ ಮರಿಗಳು.

ಹೀಗಿರುವಾಗ ಒಂದು ಮಧ್ಯಾಹ್ನ ನಮ್ಮ ಆಫೀಸಿನ ಸ್ವಾಗತಕಾರಿಣಿ ಬಂದು "ಮೇಡಂ, ಒಬ್ಬರು ಕಕ್ಷಿದಾರರು ಬಂದಿದ್ದಾರೆ. ಹೆಸರು ಕೇಳಿದ್ರೆ ನಿಮ್ಮಮ್ಮ ಅಂತಾರೆ" ಎಂದಳು.

ಅಮ್ಮ ನನ್ನ ಆಫೀಸಿಗೆ ಅದೇ ಮೊದಲ ಸಲ ಬಂದದ್ದು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಕ್ಷಿದಾರರ ಕುರ್ಚಿಯಲ್ಲೇ ಕೂತಳು. ಕಾಫಿ ತರಿಸಲಾ ಎಂದರೆ "ಆಮೇಲೆ. ಮೊದಲು ಕೆಲಸ" ಎಂದಳು. ಚೀಲದಿಂದ ಒಂದು ಪುಟ್ಟ ಗಂಟು ತೆಗೆದಳು. ಸಮವಸ್ತ್ರದ ನೀಲಿ ಚೂರುಬಟ್ಟೆಯನ್ನು ನಾಲ್ಕೂ ಕಡೆ ಅಂಚು ಹೊಲಿದು ಮಾಡಿದ ಚೀಲ, ಅದಕ್ಕೊಂದು ಗುಂಡಿ. ಗುಂಡಿ ಬಿಚ್ಚಿದಳು. ಒಳಗೆ ಒಂದು ಬೂದು ಕಾರ್ಟ್ರಿಡ್ಜ್. ಮೇಲಿನ ಚೀಟಿಯಲ್ಲಿ ಲಾಟೀನು ಹಿಡಿದ ಇಲಿ.

ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ.

"ಇದು ನಂದು" ಎಂದಳು ಅಮ್ಮ, ಕೋರ್ಟಿನಲ್ಲಿ ನಿಂತವಳ ಹಾಗೆ. "ಆಟ ಅಂಗಡಿಗೆ ಬಂದ ವಾರ ನಾನೇ ಹೋಗಿ ತಗೊಂಡೆ, ನನ್ನ ಹೊಲಿಗೆ ದುಡ್ಡಲ್ಲಿ. ಕಳ್ಳಮಾಲಲ್ಲ. ಇದನ್ನ ಫೋನಿಗೆ ಹಾಕಬಹುದಾ? ಕಾಯ್ದೆ ಏನನ್ನುತ್ತೆ, ಅದನ್ನ ಹೇಳು."

"ಅಮ್ಮಾ! ಇಷ್ಟು ವರ್ಷ ಇದು ನಿನ್ನ ಹತ್ರ ಇತ್ತಾ? ಎಲ್ಲಿ?"

"ಯಂತ್ರದ ಡ್ರಾಯರಲ್ಲಿ. ಬಾಬಿನ್ ಡಬ್ಬಿ ಹಿಂದೆ. ಅಲ್ಲಿಗೆ ನಿಮ್ಮಪ್ಪ ಕೈ ಹಾಕಲ್ಲ, ಸೂಜಿ ಚುಚ್ಚುತ್ತೆ ಅಂತ ಭಯ."

"ಮತ್ತೆ 'ತೋರಿಸಿ, ತೋರಿಸಿ' ಅಂತ ಅವರ ಪ್ರಾಣ ತಿಂದ್ಯಲ್ಲ! ಟೀವಿಗೆ ಜೋಡಿಸೋ ಆ ಪೆಟ್ಟಿಗೆ ಒಂದಿನ ಯಾರ ಹತ್ರನಾದ್ರೂ ಇಸ್ಕೊಂಡು ಹಾಕಿ ನೋಡಬಾರದಿತ್ತಾ?"

ಅಮ್ಮ ಗುಂಡಿಯನ್ನು ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು. ಮೇಜಿನ ಮೇಲಿದ್ದ ನನ್ನ ಕಡತಗಳನ್ನು ನೋಡುತ್ತಾ ಹೇಳಿದಳು. "ಹಾಕಿ ನೋಡಿದ ಮೇಲೆ ನಾನು ಒಳಗೆ ಇಲ್ಲ ಅಂತಾಗಿದ್ರೆ?"

ನಾನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ.

"ಆಗ ನಿಮ್ಮಪ್ಪ ದಿನಾ ಎಷ್ಟೊತ್ತಿಗೋ ಬರೋರು. ಮದುವೆಯಾಗಿ ಬಂದ ಹೊಸದು. ನನಗೆ ಈ ಊರಲ್ಲಿ ಯಾರೂ ಗೊತ್ತಿರಲಿಲ್ಲ. ಇವರಿಗೆ ಇಲಿ ಬಿಟ್ರೆ ಇನ್ನೇನೂ ಕಾಣಲ್ಲ ಅಂತ ಅಂದ್ಕೊಂಡಿದ್ದೆ. ಆಮೇಲೆ ಒಂದಿನ ಬಂದು 'ನಿನ್ನನ್ನ ಒಳಗೆ ಹಾಕಿದ್ದೀನಿ' ಅಂದ್ರು. ಹಾಕಿದ್ದಾರೆ ಅಂದ್ಕೊಂಡು ಇರೋದೇ ಚೆನ್ನಾಗಿತ್ತು. ತೋರಿಸಿ ಅನ್ನೋದೂ ಚೆನ್ನಾಗಿತ್ತು." ಅವಳು ಮೂಗು ಒರೆಸಿಕೊಂಡಳು. "ಈಗ ಅವರೇ ಇರಲಿಲ್ಲ ಅಂತಿದ್ದಾರಲ್ಲ. ಅದನ್ನ ಕೇಳಿಸ್ಕೊಂಡು ಇರೋಕಾಗಲ್ಲ ಕಣೇ. ನೋಡಿಬಿಡೋಣ."

ನನ್ನ ಕಣ್ಣು ತುಂಬಿದ್ದು ನಿಜ. ಅದನ್ನು ಅಮ್ಮನಿಂದ ಮುಚ್ಚಿಡುವುದಕ್ಕೆ ನಾನು ಗಂಭೀರವಾಗಿ ಕಾನೂನು ಹೇಳತೊಡಗಿದೆ. ಕಾರ್ಟ್ರಿಡ್ಜು ನಿನ್ನದು, ಒಳಗಿನ ಆಟದ ಹಕ್ಕು ನಿನ್ನದಲ್ಲ. ಕಾರ್ಟ್ರಿಡ್ಜ್ ಇದೆ ಅಂತ ಬೇರೆಯವರು ಹಂಚಿದ ಫೈಲನ್ನು ಇಳಿಸಿಕೊಳ್ಳುವಂತಿಲ್ಲ. ನಿನ್ನ ಕಾರ್ಟ್ರಿಡ್ಜಿನಿಂದಲೇ, ನಿನ್ನ ಬಳಕೆಗೇ ಒಂದು ಪ್ರತಿ ತೆಗೆಯುವುದು ಕೆಲವು ದೇಶಗಳಲ್ಲಿ ಸರಿ, ಕೆಲವು ಕಡೆ ಅಲ್ಲ, ಇನ್ನು ಕೆಲವು ಕಡೆ ಯಾರೂ ಖಡಾಖಂಡಿತವಾಗಿ ಹೇಳಿಲ್ಲ. ವಾದ ಮಾಡಬಹುದು, ಆದರೆ...

"ಅಡ್ಡಗೋಡೆ ಮೇಲೆ ದೀಪ ಇಡಬೇಡ" ಎಂದಳು ಅಮ್ಮ. "ಇದಕ್ಕೆ ಜನ ಫೀಸು ಬೇರೆ ಕೊಡ್ತಾರಾ? ಆ ಹಕ್ಕಿರೋರನ್ನೇ ಕೇಳಿದ್ರೆ?"

ಹೇಳಿ, ಇಷ್ಟು ವರ್ಷ ಕಾನೂನು ಓದಿದವಳಿಗೆ ಅದು ಹೊಳೆಯಬಾರದೆ? ನಮ್ಮ ಆಫೀಸಿನಲ್ಲಿ ಯಾರಿಗೂ ಆ ಅಭ್ಯಾಸವಿಲ್ಲ. ನಾವು ಬೇಡ ಎನ್ನುವುದಕ್ಕೆ ಇರುವವರು, ಕೊಡಿ ಎಂದು ಕೇಳುವುದು ನಮ್ಮ ತಲೆಗೇ ಬರುವುದಿಲ್ಲ.

ನಾನು ಸೀನಿಯರ್ ಹತ್ತಿರ ಹೋಗಿ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದೆ. ಅಪ್ಪ ಫೈಲು ಇಳಿಸಿದ್ದು, ಅಳಿಸಿದ್ದು, ಅಮ್ಮನ ಡ್ರಾಯರು, ಎಲ್ಲ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಆ ಕಡತ ಇಲ್ಲಿ ಕೊಡು, ಇನ್ನು ಅದಕ್ಕೆ ನೀನು ಕೈ ಹಚ್ಚಬೇಡ" ಎಂದರು. ಆಮೇಲೆ ಅವರೇ ಕಕ್ಷಿದಾರ ಸಂಸ್ಥೆಯ ಅಧಿಕಾರಿಣಿಗೆ ಫೋನ್ ಹಚ್ಚಿದರು. ಆ ಕಡೆಯವರು ಬಹಳ ಹೊತ್ತು ನಕ್ಕದ್ದು ನನಗೂ ಕೇಳಿಸಿತು. ಮರುದಿನ ಒಂದು ಮೇಲ್ ಬಂತು. ಸ್ವಂತ ಕಾರ್ಟ್ರಿಡ್ಜಿನಿಂದ ಮನೆಯ ಬಳಕೆಗೆ ಪ್ರತಿ ತೆಗೆಯಲು ನಮ್ಮ ಅಡ್ಡಿಯಿಲ್ಲ, ಯಾರಿಗೂ ಹಂಚಬಾರದು. ಕೆಳಗೆ ಇನ್ನೊಂದು ಸಾಲು. ನಮ್ಮ ಬಳಿ ಈ ಆಟದ ಪ್ರತಿ ಒಂದೂ ಇಲ್ಲ, ನೋಡಲು ಕೊಡುತ್ತೀರಾ?

ಕಾಪಾಡಿ ಎಂದು ನಮಗೆ ಫೀಸು ಕೊಡುವವರ ಹತ್ತಿರ ಕಾಪಾಡಬೇಕಾದ ವಸ್ತುವೇ ಇರಲಿಲ್ಲ!

ಅಪ್ಪನಿಗೆ ಏನೂ ಹೇಳದೆ ನಾನೂ ಅಮ್ಮನೂ ಮೊಬೈಲ್ ಡಾಕ್ಟರ್ ಅಂಗಡಿಗೆ ಹೋದೆವು. ನನ್ನನ್ನು ಕಂಡ ಕೂಡಲೇ ಅವನು 'ಒಂದೇ ಕಾರ್ಡಿನಲ್ಲಿ ಸಾವಿರ ಆಟ' ಎಂಬ ಬೋರ್ಡನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದ.

"ತಿರುಗಿಸಿದ್ರೆ ಸಾಲದು. ಕಿತ್ತು ಬಿಸಾಕು. ಮನೇಲಿ ಆಡೋದು ಬೇರೆ, ತುಂಬಿಸಿ ಮಾರೋದು ಬೇರೆ" ಎಂದೆ.

"ಮೇಡಂ, ಆಮೇಲೆ ಬಯ್ಯಿರಿ. ಅದೇನು ಆಂಟಿ ಕೈಯಲ್ಲಿ?" ಎಂದ. ಅವನ ಕಣ್ಣು ಆಗಲೇ ಚೂರುಬಟ್ಟೆಯ ಚೀಲಕ್ಕೆ ಅಂಟಿತ್ತು.

ಅವನಲ್ಲಿ ಅದಕ್ಕೆಂದೇ ಒಂದು ಸಾಧನ ಇತ್ತು. ಹಸ್ತದಗಲದ ಡಬ್ಬಿ, ಮೇಲೆ ಕಾರ್ಟ್ರಿಡ್ಜ್ ಕೂರುವ ಸೀಳು, ಪಕ್ಕದಲ್ಲಿ ಫೋನಿಗೆ ಚುಚ್ಚುವ ಕೇಬಲ್. ಅಮ್ಮ ಕಾರ್ಟ್ರಿಡ್ಜನ್ನು ಅವನ ಕೈಗೆ ಕೊಡದೆ ತಾನೇ ಸೀಳಿಗೆ ಕೂರಿಸಿದಳು. ಫೋನಿನಲ್ಲಿ ಆಟದ ಹೆಸರು ಬರಬೇಕಾದ ಕಡೆ ಪ್ರಶ್ನೆ ಚಿಹ್ನೆಗಳು ಬಂದವು. ಅಮ್ಮನ ಮುಖ ಸಣ್ಣದಾಯಿತು.

"ಏನಿಲ್ಲ ಆಂಟಿ, ಕಾಲುಗಳು ಕಪ್ಪಾಗಿವೆ" ಎಂದು ಡಾಕ್ಟರ್ ಹತ್ತಿ ಸುತ್ತಿದ ಕಡ್ಡಿಯನ್ನು ಸ್ಪಿರಿಟಿಗೆ ಅದ್ದಿ, ಕಾರ್ಟ್ರಿಡ್ಜಿನ ಅಂಚಿನ ತಾಮ್ರದ ಪಟ್ಟಿಗಳನ್ನು ಒಂದೊಂದಾಗಿ ಉಜ್ಜಿದ. ಕಡ್ಡಿ ಇದ್ದಲಿನ ಹಾಗಾಯಿತು. ಇನ್ನೊಂದು ಕಡ್ಡಿ, ಮತ್ತೊಂದು. ಒಣಗಲು ಬಿಟ್ಟು ಮತ್ತೆ ಕೂರಿಸಿದ. ಈ ಸಲ ಇಲಿಯ ಹೆಸರು ಸರಿಯಾಗಿ ಬಂತು. ಇಡೀ ಆಟವನ್ನು ಎರಡು ಸಲ ಓದಿಸಿದ. ಎರಡೂ ಪ್ರತಿಯ ಬೆರಳಚ್ಚು ಒಂದೇ ಬಂದರೆ ಓದಿದ್ದು ಸರಿಯಾಗಿದೆ ಎಂದು ಅರ್ಥ. ಒಂದೇ ಬಂತು. ನಾನು ಆಫೀಸಿನಲ್ಲಿ ನೋಡಿದ್ದ ಕದ್ದ ಪ್ರತಿಯ ಬೆರಳಚ್ಚಿಗೆ ಮಾತ್ರ ಅದು ಹೊಂದಲಿಲ್ಲ. ಅಂದರೆ ಇದು ಕದ್ದವರ ಕೈ ಮುಟ್ಟದ ಪ್ರತಿ.

"ಇಷ್ಟೇನಾ?" ಎಂದಳು ಅಮ್ಮ. ಇಡೀ ಆಟ ಒಂದು ಫೋಟೋದಷ್ಟು ದೊಡ್ಡದೂ ಇರಲಿಲ್ಲ.

"ಆಂಟಿ, ನನಗೊಂದು ಕಾಪಿ..." ಎಂದು ಡಾಕ್ಟರ್ ರಾಗ ತೆಗೆದ.

"ಇಲ್ಲ" ಎಂದೆವು ಇಬ್ಬರೂ ಒಟ್ಟಿಗೆ. ಫೈಲು ನನ್ನ ಫೋನಿಗೆ ಬಂದು, ಅವನ ಫೋನಿನಿಂದ ಅಳಿಸಿಹೋಗುವವರೆಗೆ ಅಮ್ಮ ಅಂಗಡಿ ಬಿಟ್ಟು ಕದಲಲಿಲ್ಲ. ಆದರೂ ಅವನು ಒಳ್ಳೆಯವನು. ಅಂಕಲ್ ಬೆರಳಿಗೆ ಗಾಜು ಆಗಿಬರುವುದಿಲ್ಲ ಎಂದು, ತಂತಿಯಿಲ್ಲದೆ ಫೋನಿಗೆ ಜೋಡಿಸುವ ಗುಂಡಿಯ ಹಿಡಿಯೊಂದನ್ನು ಎರವಲು ಕೊಟ್ಟ.

ಮುಂದಿನ ಭಾನುವಾರ ಊಟವಾದ ಮೇಲೆ ಅಮ್ಮ ಅಪ್ಪನ ಮುಂದೆ ಆ ಹಿಡಿಯನ್ನೂ ಚೀಲದ ಸಮೇತ ಕಾರ್ಟ್ರಿಡ್ಜನ್ನೂ ಇಟ್ಟಳು. ಅಪ್ಪ ಕಾರ್ಟ್ರಿಡ್ಜ್ ಎತ್ತಿ ಹಿಂದೆ ಮುಂದೆ ತಿರುಗಿಸಿದರು. ಚೀಲದ ಅಂಚಿನ ಹೊಲಿಗೆ ನೋಡಿದರು. ಆ ನೂಲಿನ ಬಣ್ಣ ಮಾಸಿತ್ತು, ಎಷ್ಟು ಹಳೆಯದು ಎಂದು ಹೇಳಬೇಕಾಗಿರಲಿಲ್ಲ.

"ಯಾವಾಗ ತಗೊಂಡೆ?"

"ಬಂದ ವಾರ."

"ಮತ್ತೆ ಹೇಳಲೇ ಇಲ್ಲ?"

"ನೀವು ಆಡಿ, ಮೊದಲು" ಎಂದಳು ಅಮ್ಮ.

ನಾನು ಈ ಸಲ ಬಾಲ್ಕನಿಗೆ ಹೋಗಲಿಲ್ಲ. ಮೇಲ್‌ನ ಪ್ರಿಂಟು ತೆಗೆದು ಮೇಜಿನ ಮೇಲೆ ಇಟ್ಟುಕೊಂಡು, ಧೈರ್ಯವಾಗಿ ಎದುರಿಗೇ ಕೂತೆ. ನಾನು ಅಪ್ಪನ ಫೋನಿಗೆ ಹಾಕಿಟ್ಟಿದ್ದ ಆಟ ನೇರವಾಗಿ ಶುರುವಾಯಿತು. ಕುಣಿಯುವ ಹೆಸರುಗಳು ಇರಲಿಲ್ಲ. ಹಿಡಿ ಕೈಗೆ ಬಂದದ್ದೇ ತಡ, ಅಪ್ಪ ಬೇರೆಯೇ ಮನುಷ್ಯರಾದರು. ಇಲಿ ಮಾಳಿಗೆಯಿಂದ ಮಾಳಿಗೆಗೆ ನೀರು ಹರಿದ ಹಾಗೆ ಹರಿಯಿತು. ಎಮ್ಯುಲೇಟರಿನಲ್ಲಿ ಆಟವನ್ನು ಎಲ್ಲಿ ಬೇಕೆಂದರಲ್ಲಿ ನಿಲ್ಲಿಸಿ ಉಳಿಸಿಕೊಳ್ಳಬಹುದು, ಇಲಿ ಸತ್ತರೆ ಅಲ್ಲಿಂದಲೇ ಮುಂದುವರಿಸಬಹುದು ಎಂದೆ. "ನನಗೆ ಬೇಕಿಲ್ಲ" ಎಂದರು ಜಂಬದಿಂದ. ಮುಂದಿನ ಪೈಪಿನ ಹತ್ತಿರ ಬೆಕ್ಕು ಇಲಿಯನ್ನು ತಿಂದಿತು. "ಸರಿ, ಅದೆಲ್ಲಿದೆ ತೋರಿಸು" ಎಂದರು.

ಕೊನೆಯ ಬಾಗಿಲು ಬಂತು. ಚಾಪೆ. ಅಪ್ಪನ ಹೆಬ್ಬೆರಳು ಗುಂಡಿಯ ಮೇಲೆ ನಿಂತಿತು, ಒತ್ತಲಿಲ್ಲ. ಅವರು ಅಮ್ಮನನ್ನು ನೋಡಿದರು. ಅಮ್ಮ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಗಿದುಕೊಂಡಿದ್ದಳು.

ಇಲಿ ಕಾಲು ಒರೆಸಿಕೊಂಡಿತು. ಬಾಗಿಲು ತೆರೆಯಿತು.

ಪುಟ್ಟ ಕೋಣೆ. ಹಳದಿ ದೀಪ. ದೀಪದ ಕೆಳಗೆ ಹೊಲಿಗೆ ಯಂತ್ರ, ಅದರ ಮುಂದೆ ಜಡೆ ಹಾಕಿದ ಒಬ್ಬಳು ಹೆಂಗಸು. ಹೆಬ್ಬೆಟ್ಟಿನ ಉಗುರಿನಷ್ಟೇ ಇದ್ದಳು, ಆದರೆ ಅಮ್ಮನೇ. ತಲೆಯನ್ನು ಎಡಕ್ಕೆ ಒಂದಿಷ್ಟು ವಾಲಿಸಿ ಹೊಲಿಯುವ ರೀತಿ ಇನ್ಯಾರದೂ ಅಲ್ಲ. ಯಂತ್ರದ ಚಕ್ರ ತಿರುಗುತ್ತಿತ್ತು, ಟಿಕಿಟಿಕಿ ಎಂಬ ಸದ್ದು ಬರುತ್ತಿತ್ತು.

"ನನ್ನ ಮೂಗು ಇಷ್ಟು ದಪ್ಪನಾ?" ಎಂದಳು ಅಮ್ಮ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ಒಂದೇ ಚುಕ್ಕೆ ಇತ್ತು ಮೂಗಿಗೆ. ಅದರಲ್ಲಿ ಇನ್ನೇನು ಮಾಡಲಿ?" ಎಂದರು ಅಪ್ಪ. "ಇರು, ಮುಗಿದಿಲ್ಲ."

ಇಲಿಯನ್ನು ಒಳಗೆ ನಡೆಸಿದರು. ಅದು ಯಂತ್ರದ ಹತ್ತಿರ ಬಂದು ಲಾಟೀನನ್ನು ಕೆಳಗಿಟ್ಟಿತು. ತಕ್ಷಣ ಟಿಕಿಟಿಕಿ ನಿಂತಿತು. ಆ ಪುಟ್ಟ ಹೆಂಗಸು ತಲೆ ಎತ್ತಿದಳು. ಬಟ್ಟೆ ಮಡಿಸಿದಳು. ಎದ್ದು ದೀಪ ಆರಿಸಿದಳು. ಪರದೆ ಕತ್ತಲಾಯಿತು. ಆಟ ಮುಗಿಯಿತು.

ಮೊದಲು ಬಾಯಿ ಬಿಟ್ಟವಳು ಅಮ್ಮ.

"ಹೊಲಿಗೆ ಬಾಕಿ ಇದೆ, ಅದಕ್ಕೇ ಎದ್ದಿದ್ದೀನಿ ಅಂತ ಹೇಳ್ತಿದ್ದೆನಲ್ಲ, ದಿನಾ ರಾತ್ರಿ."

"ಹೇಳ್ತಿದ್ದೆ."

"ಬಾಕಿ ಇರ್ತಿರಲಿಲ್ಲ."

"ಗೊತ್ತಿತ್ತು ಕಣೇ" ಎಂದರು ಅಪ್ಪ. "ನಾನು ಬಂದ ತಕ್ಷಣ ಮುಗಿದುಹೋಗ್ತಿತ್ತಲ್ಲ."

ಅಮ್ಮ ಅವರ ಭುಜಕ್ಕೆ ಒಂದು ಗುದ್ದು ಕೊಟ್ಟು, ಆಮೇಲೆ ಅದೇ ಭುಜಕ್ಕೆ ಹಣೆ ಒರಗಿಸಿದಳು. ನಾನು ಮೇಲ್‌ನ ಪ್ರಿಂಟಿನಿಂದ ಮುಖಕ್ಕೆ ಗಾಳಿ ಹಾಕಿಕೊಳ್ಳುತ್ತಾ ಛಾವಣಿ ನೋಡಿದೆ.

ಸಂಸ್ಥೆಯವರಿಗೆ ನೋಡಲು ಕೊಡುವುದೋ ಬೇಡವೋ ಎಂದು ಆಮೇಲೆ ಕೇಳಿದೆ. "ಆಟ ಅವರದು, ಕಾರ್ಟ್ರಿಡ್ಜು ನಂದು, ಒಳಗಿರೋಳು ನಾನು" ಎಂದಳು ಅಮ್ಮ. "ಇವರ ಹೆಸರು ಹಾಕ್ತೀವಿ ಅಂತ ಬರೆದು ಕೊಡಲಿ, ಆಮೇಲೆ ಯೋಚಿಸ್ತೀನಿ. ನೋಟಿಸು ಚೆನ್ನಾಗಿ ಬರೀತೀಯಲ್ಲ, ಬರಿ." ಸೀನಿಯರ್‌ಗೆ ಹೇಳಿದೆ. ಅವರು ಅದನ್ನು ಬೇರೆ ಲಾಯರಿಗೆ ವಹಿಸಿದರು. ಪತ್ರವ್ಯವಹಾರ ಇನ್ನೂ ನಡೆಯುತ್ತಿದೆ.

ಈಗ ಅಮ್ಮ ಸಮವಸ್ತ್ರ ಹೊಲಿಯುವಾಗ ಅಪ್ಪನ ಫೋನು ಯಂತ್ರದ ಪಕ್ಕದಲ್ಲೇ ಒರಗಿರುತ್ತದೆ. ಬಾಗಿಲು ತೆರೆದ ಗಳಿಗೆಯಲ್ಲಿ ಆಟವನ್ನು ಉಳಿಸಿಟ್ಟಿದ್ದಾಳೆ, ಅದನ್ನು ಮಾತ್ರ ಕಲಿತಿದ್ದಾಳೆ. ಪರದೆಯಲ್ಲಿ ಆ ಪುಟ್ಟವಳೂ ಹೊಲಿಯುತ್ತಿರುತ್ತಾಳೆ, ಟಿಕಿಟಿಕಿ. ಇಲಿ ಹೊಸ್ತಿಲಲ್ಲಿ ಲಾಟೀನು ಹಿಡಿದು ನಿಂತಿರುತ್ತದೆ. ನನ್ನ ಫೋನು ಕೊಡೇ ಎಂದು ಅಪ್ಪ ಬಂದರೆ, ಅಮ್ಮ ತಲೆ ಎತ್ತದೆ ಹೇಳುತ್ತಾಳೆ.

"ಇರ್ರೀ, ಇನ್ನೂ ಹೊಲಿಗೆ ಬಾಕಿ ಇದೆ."